ಪಕ್ಕದವನ ಪಗಾರ ಹೇಳದೆ ಪಗಾರದ ಲೆಕ್ಕ ಹೇಳುವುದು

ನಾಗಪುರದ ಪಶ್ಚಿಮಕ್ಕಿರುವ ಕಳಮೇಶ್ವರದಲ್ಲಿ ಸಂಬಳಕ್ಕೆ ಪಗಾರ ಎನ್ನುತ್ತಾರೆ. ಬೀದರ್, ಕಲಬುರಗಿ, ಹುಬ್ಬಳ್ಳಿಯಲ್ಲೂ ಅದೇ ಮಾತು. ಪೋರ್ಚುಗೀಸರಿಂದ ಮರಾಠಿಗೆ ಬಂದು ಅಲ್ಲಿಂದ ನಮ್ಮ ಉತ್ತರದ ಜಿಲ್ಲೆಗಳಿಗೂ ಹಬ್ಬಿದ ಈ ಪದ, ಕಳಮೇಶ್ವರದ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಹೋದ ಕನ್ನಡಿಗನಿಗೆ ಮೊದಲ ದಿನವೇ ಪರಿಚಿತವಾಗಿ ಕೇಳಿಸುತ್ತದೆ. ತಿಂಗಳ ಏಳನೇ ತಾರೀಖಿನೊಳಗೆ ಪಗಾರ ಆಗಬೇಕು. ಆದ ದಿನ ಗೇಟಿನ ಹೊರಗಿನ ಚಹಾದಂಗಡಿಯಲ್ಲಿ ಮಾತೆಲ್ಲ ಅದರದ್ದೇ. ಯಾರೂ ತಮ್ಮ ಚೀಟಿಯನ್ನು ನೇರವಾಗಿ ತೋರಿಸುವುದಿಲ್ಲ. ಪಿಎಫ್ ಎಷ್ಟು ಹಿಡಿದರು ಎಂದು ಒಬ್ಬ ಕೇಳುತ್ತಾನೆ, ಇನ್ನೊಬ್ಬ ಹೇಳುತ್ತಾನೆ. ಪಿಎಫ್ ಹನ್ನೆರಡು ಶೇಕಡಾ ಎಂಬುದು ಎಲ್ಲರಿಗೂ ಗೊತ್ತು, ಮೂಲ ವೇತನ ಎಷ್ಟೆಂದು ಅರ್ಧ ನಿಮಿಷದಲ್ಲಿ ಲೆಕ್ಕ ಹಾಕಬಹುದು.

ಸಂಬಳ ಗುಟ್ಟಾಗಿರಬೇಕು ಎಂದು ಬಯಸುವ ಆಡಳಿತ ಈ ಚಹಾದಂಗಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಹೊರಡಬೇಕು. ಯಾರ ಸಂಬಳ ಎಷ್ಟು ಎಂಬುದನ್ನು ಕಚೇರಿ ಹೇಳದಿರಬಹುದು. ಹೇಳದಿರುವುದಕ್ಕೆ ಒಳ್ಳೆಯ ಕಾರಣಗಳೂ ಇವೆ: ಅದು ಆ ಮನುಷ್ಯನ ಖಾಸಗಿ ವಿಷಯ, ಅವನ ಮನೆಗೆ, ಅವನ ಸಾಲಕ್ಕೆ, ಅವನ ಮಗಳ ಮದುವೆಯ ಮಾತುಕತೆಗೆ ಸಂಬಂಧಿಸಿದ್ದು. ಆದರೆ ಸಂಬಳ ಹೇಗೆ ನಿರ್ಧಾರವಾಗುತ್ತದೆ ಎಂಬುದನ್ನೂ ಬಚ್ಚಿಟ್ಟರೆ ಆ ಖಾಲಿ ಜಾಗವನ್ನು ಊಹೆ ತುಂಬುತ್ತದೆ. ಊಹೆ ಯಾವಾಗಲೂ ಸಾಹೇಬರ ಕಡೆಯವನಿಗೆ ಹೆಚ್ಚು ಕೊಟ್ಟರು ಎಂಬ ದಿಕ್ಕಿನಲ್ಲೇ ಓಡುತ್ತದೆ. ಅಂಕಿಯನ್ನು ಮುಚ್ಚಿಡಬೇಕೆಂದರೆ ನಿಯಮವನ್ನು ಪೂರ್ತಿ ತೆರೆದಿಡಬೇಕು. ಸಿಬ್ಬಂದಿಗೆ ವೇತನ ಬ್ಯಾಂಡು, ಗ್ರೇಡುಗಳನ್ನು ವಿವರಿಸುವ ಕೆಲಸದ ತಿರುಳು ಇಷ್ಟೇ ಎಂದು ನಾನು ನಂಬಿದ್ದೇನೆ. ಮಾಡಿ ನೋಡಿದವರಿಗೆ ಮಾತ್ರ ಇದು ಎಷ್ಟು ಕಷ್ಟ ಎಂದು ಗೊತ್ತು.

ನಿಯಮ ತೆರೆದಿಟ್ಟರೆ ಹೇಗಿರುತ್ತದೆ ಎಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕರ್ನಾಟಕ ಸರ್ಕಾರದ ನೌಕರರ ಮನೆಯಲ್ಲಿ ಬೆಳೆದವರಿಗೆ ಮಾಸ್ಟರ್ ಸ್ಕೇಲ್ ಗೊತ್ತಿರುತ್ತದೆ. 2018ರ ಪರಿಷ್ಕರಣೆಯಲ್ಲಿ ಅದು 17,000 ರೂಪಾಯಿಯಿಂದ 1,50,600 ರೂಪಾಯಿವರೆಗೆ ಹಾಸಿದ ಒಂದೇ ಉದ್ದನೆಯ ಏಣಿ. ಕೆಳಗಿನ ಮೆಟ್ಟಿಲುಗಳ ನಡುವೆ 400 ರೂಪಾಯಿ ಅಂತರ, ಮೇಲೇರಿದಂತೆ ಅಂತರ ಹಿಗ್ಗುತ್ತ ತುದಿಯಲ್ಲಿ 3,100. ಪ್ರತಿ ಹುದ್ದೆಗೂ ಈ ಏಣಿಯ ಒಂದು ತುಂಡು. ದ್ವಿತೀಯ ದರ್ಜೆ ಸಹಾಯಕರಿಗೆ 21,400ರಿಂದ 42,000, ಪ್ರಥಮ ದರ್ಜೆ ಸಹಾಯಕರಿಗೆ 27,650ರಿಂದ 52,650. 2024ರ ಆಗಸ್ಟ್ 1ರಿಂದ ಏಳನೇ ರಾಜ್ಯ ವೇತನ ಆಯೋಗದ ಶಿಫಾರಸು ಜಾರಿಯಾದಾಗ ಏಣಿಯ ಬುಡ 27,000ಕ್ಕೂ ತುದಿ 2,41,200ಕ್ಕೂ ಏರಿತು. ಕಟ್ಟಿದ ರೀತಿ ಮಾತ್ರ ಬದಲಾಗಲಿಲ್ಲ.

ಈ ತುಂಡುಗಳು ಒಂದರ ಮೇಲೊಂದು ಹಾಯ್ದಿರುವುದನ್ನು ಗಮನಿಸಬೇಕು. 2018ರ ಅಂಕಿಗಳಲ್ಲಿ ಹತ್ತಾರು ವರ್ಷ ದುಡಿದ ದ್ವಿತೀಯ ದರ್ಜೆ ಸಹಾಯಕ 40,000ದ ಆಸುಪಾಸಿನಲ್ಲಿದ್ದರೆ, ಹೊಸದಾಗಿ ಸೇರಿದ ಪ್ರಥಮ ದರ್ಜೆ ಸಹಾಯಕ 27,650ರಲ್ಲಿರುತ್ತಾನೆ. ಮೇಲಿನ ದರ್ಜೆಯವನಿಗೆ ಕಡಿಮೆ, ಕೆಳಗಿನ ದರ್ಜೆಯವನಿಗೆ ಹೆಚ್ಚು. ತಾಲ್ಲೂಕು ಕಚೇರಿಯಲ್ಲಿ ಇದಕ್ಕೆ ಯಾರೂ ಜಗಳವಾಡುವುದಿಲ್ಲ. ಆತ ಎಷ್ಟು ಇನ್‌ಕ್ರಿಮೆಂಟ್ ಹತ್ತಿದ್ದಾನೆ ಎಂಬುದು ಸರ್ವಿಸ್ ಎಣಿಸಿದರೆ ಸಿಗುತ್ತದೆ, ಎಣಿಸುವ ನಿಯಮ ಇಬ್ಬರಿಗೂ ಒಂದೇ. ಸರ್ಕಾರಿ ನೌಕರರ ವೇತನದ ಸಿಟ್ಟೆಲ್ಲ ಬೇರೆ ಕಡೆ ಇರುತ್ತದೆ: ನಮ್ಮ ಹುದ್ದೆಗೆ ಏಣಿಯ ಯಾವ ತುಂಡನ್ನು ಕೊಟ್ಟಿರಿ, ಆ ಇಲಾಖೆಯ ಅದೇ ಬಗೆಯ ಹುದ್ದೆಗೆ ಮೇಲಿನ ತುಂಡು ಏಕೆ ಎಂಬಲ್ಲಿ. ಅದು ಸಂಘದ ಮನವಿಯಾಗಿ, ಆಯೋಗದ ಮುಂದಿನ ವಾದವಾಗಿ ಬಹಿರಂಗವಾಗಿಯೇ ಬರುತ್ತದೆ. ಪಕ್ಕದ ಮೇಜಿನವನ ಮೇಲಿನ ಮುನಿಸಾಗುವುದು ಕಡಿಮೆ.

ಖಾಸಗಿ ಕಾರ್ಖಾನೆಯ ಬ್ಯಾಂಡು ನೋಡಲು ಇದರಂತೆಯೇ ಇದ್ದರೂ ಒಳಗೆ ಬೇರೆ. ಅಲ್ಲೂ ಒಂದು ಕೆಳತುದಿ, ಒಂದು ಮೇಲ್ತುದಿ ಇರುತ್ತವೆ. ನಡುವೆ ಮೆಟ್ಟಿಲುಗಳೇ ಇಲ್ಲ. ಒಬ್ಬ ಆ ಬ್ಯಾಂಡಿನಲ್ಲಿ ಎಲ್ಲಿ ನಿಲ್ಲುತ್ತಾನೆ ಎಂಬುದು ಸೇರುವಾಗ ಎಷ್ಟಕ್ಕೆ ಒಪ್ಪಿದ, ಹಿಂದಿನ ಕಂಪನಿಯಲ್ಲಿ ಎಷ್ಟಿತ್ತು, ವರ್ಷವರ್ಷದ ಮೌಲ್ಯಮಾಪನದಲ್ಲಿ ಎಷ್ಟು ಏರಿತು ಎಂಬುದರ ಮೇಲೆ ನಿಂತಿದೆ. ಸರ್ವಿಸ್ ಎಣಿಸಿದರೆ ಉತ್ತರ ಸಿಗುವುದಿಲ್ಲ. ಸರ್ಕಾರಿ ಏಣಿಯ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡ ನಮ್ಮ ಜನ ಖಾಸಗಿ ಬ್ಯಾಂಡನ್ನು ನೋಡಿದಾಗ ಮೊದಲ ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲೇ. 32,000ದಿಂದ 48,000 ಎಂದು ಸೂಚನಾ ಫಲಕದಲ್ಲಿ ಕಂಡರೆ, ಇಷ್ಟು ವರ್ಷಕ್ಕೆ ನಾನೂ 48,000 ಮುಟ್ಟುತ್ತೇನೆ ಎಂದೇ ಓದಿಕೊಳ್ಳುತ್ತಾರೆ. ಮೇಲ್ತುದಿಯನ್ನು ಭರವಸೆ ಎಂದು ಓದುತ್ತಾರೆ. ಬರೆದವರ ಮನಸ್ಸಿನಲ್ಲಿ ಇದ್ದದ್ದು, ಈ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಮಿತಿ. ವಿವರಣೆ ಇಲ್ಲದೆ ಬ್ಯಾಂಡುಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ ಕಚೇರಿಗಳು ಮಾಡಿಕೊಂಡ ತೊಂದರೆ ಇದು.

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ಕಳಮೇಶ್ವರದ ಎಂಐಡಿಸಿಯಲ್ಲಿ ಇರಬಹುದಾದ ಒಂದು ಮಧ್ಯಮ ಗಾತ್ರದ ಕಾರ್ಖಾನೆ ಎಂದುಕೊಳ್ಳಿ. ಯೂನಿಯನ್ ಒಪ್ಪಂದದೊಳಗಿನ ಕಾರ್ಮಿಕರು ಬೇರೆ. ಅವರ ದರ ಒಪ್ಪಂದದ ಪ್ರತಿಯಲ್ಲೇ ಅಚ್ಚಾಗಿರುತ್ತದೆ, ಅಲ್ಲಿ ಗುಟ್ಟಿನ ಪ್ರಶ್ನೆಯೇ ಇಲ್ಲ. ನಮ್ಮ ಮಾತು ಉಳಿದ ಸಿಬ್ಬಂದಿಯ ಬಗ್ಗೆ: ಮೇಲ್ವಿಚಾರಕರು, ಗುಮಾಸ್ತರು, ಎಂಜಿನಿಯರುಗಳು. ಆರು ಗ್ರೇಡು. ಮೂರನೇ ಗ್ರೇಡಿನಲ್ಲಿ ಶಿಫ್ಟ್ ಮೇಲ್ವಿಚಾರಕರು, ಬ್ಯಾಂಡು ತಿಂಗಳಿಗೆ 32,000ದಿಂದ 48,000, ನಡುಬಿಂದು 40,000. ಈ ನಡುಬಿಂದುವೇ ಮುಖ್ಯ. ಕೆಲಸವನ್ನು ಪೂರ್ತಿ ಕಲಿತು ಚೆನ್ನಾಗಿ ಮಾಡುವ ಒಬ್ಬ ಮೇಲ್ವಿಚಾರಕನಿಗೆ ಸುತ್ತಲಿನ ಕಾರ್ಖಾನೆಗಳು ಕೊಡುವ ಸಂಬಳಕ್ಕೆ ಅದನ್ನು ಹೊಂದಿಸಿರುತ್ತಾರೆ. ಕೆಳತುದಿ ಈಗ ತಾನೇ ಬಡ್ತಿ ಪಡೆದು ಕಲಿಯುತ್ತಿರುವವನಿಗೆ. ಮೇಲ್ತುದಿ, ವರ್ಷಗಟ್ಟಲೆ ಎಲ್ಲರಿಗಿಂತ ಎದ್ದು ಕಾಣುವಂತೆ ದುಡಿದವನಿಗೆ. ಸಿಬ್ಬಂದಿ ಸಭೆಯಲ್ಲಿ ಮೂರು ಅಂಕಿಗಳನ್ನು ಹೇಳುವ ಬದಲು ಈ ಮೂರು ವಾಕ್ಯಗಳನ್ನು ಹೇಳಿದರೆ ಮೇಲ್ತುದಿಯ ಭ್ರಮೆ ಅರ್ಧ ಇಳಿಯುತ್ತದೆ.

ಅಂಕಿ ಯಾವ ಸಂಬಳದ್ದು ಎಂಬುದನ್ನು ಅದೇ ಉಸಿರಿನಲ್ಲಿ ಹೇಳಬೇಕು. ಇಲ್ಲಿ 40,000 ಎಂದರೆ ಚೀಟಿಯಲ್ಲಿ ಕಾಣುವ, ಕಡಿತಕ್ಕೆ ಮುಂಚಿನ ಒಟ್ಟು ಮೊತ್ತ. ಹಲವು ಕಂಪನಿಗಳು ಬ್ಯಾಂಡನ್ನು ಸಿಟಿಸಿಯಲ್ಲಿ ಬರೆಯುತ್ತವೆ, ಅಂದರೆ ಕಂಪನಿಗೆ ತಗಲುವ ಪೂರ್ತಿ ಖರ್ಚಿನಲ್ಲಿ. ಸಿಟಿಸಿ 40,000, ಅದರಲ್ಲಿ ಅರ್ಧ ಮೂಲ ವೇತನ ಎಂದಾದರೆ, ಮಾಲೀಕರ ಪಿಎಫ್ ಪಾಲು 2,400 ಮತ್ತು ಗ್ರಾಚುಟಿಗೆ ತೆಗೆದಿಡುವ ಸುಮಾರು 962 ರೂಪಾಯಿ ಅದರೊಳಗೇ ಸೇರಿರುತ್ತವೆ. ಚೀಟಿಯಲ್ಲಿ ಕಾಣುವುದು 36,638. ಅದರಲ್ಲಿ ನೌಕರನ ಪಿಎಫ್ 2,400, ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಕಳೆದು ಕೈಗೆ ಬರುವುದು 34,038. ಒಬ್ಬ ಗೋಡೆಯ ಮೇಲಿನ 40,000ದ ಪಕ್ಕ ಬ್ಯಾಂಕಿಗೆ ಬಂದ 34,038ನ್ನು ಇಟ್ಟು ನೋಡಿ, ನನಗೆ ನಡುಬಿಂದುವಿಗಿಂತ ಆರು ಸಾವಿರ ಕಡಿಮೆ ಕೊಟ್ಟಿದ್ದಾರೆ ಎಂದು ರಾತ್ರಿಯೆಲ್ಲ ಕುದಿಯುತ್ತಾನೆ. ಅವನು ನಿಂತಿರುವುದು ಸರಿಯಾಗಿ ನಡುಬಿಂದುವಿನ ಮೇಲೆಯೇ. ಹೀಗೆ ಹುಟ್ಟುವ ಮುನಿಸಿಗೆ ಯಾವ ಅನ್ಯಾಯವೂ ಕಾರಣವಲ್ಲ, ಬರವಣಿಗೆಯ ಅಜಾಗರೂಕತೆ ಮಾತ್ರ ಕಾರಣ.

ಈಗ ಈ ಗ್ರೇಡಿನ ಮೂವರು. ಒಬ್ಬ ಹನ್ನೊಂದು ವರ್ಷದ ಹಳಬ, ಬೀದರ್ ಕಡೆಯವನು, ಸಂಬಳ 38,400. ಇನ್ನೊಬ್ಬ ಎಂಟು ತಿಂಗಳ ಹಿಂದೆ ಬೇರೆ ಕಂಪನಿಯಿಂದ ಬಂದವನು, 42,000. ಮೂರನೆಯವನು ಕೆಳಗಿನ ಗ್ರೇಡಿನಿಂದ ಬಡ್ತಿ ಪಡೆದು ಬಂದವನು, 32,800. ಸಂಬಳವನ್ನು ನಡುಬಿಂದುವಿನಿಂದ ಭಾಗಿಸಿದರೆ ಮೊದಲನೆಯವನು ನಡುಬಿಂದುವಿನ ಶೇ 96ರಲ್ಲಿ, ಎರಡನೆಯವನು ಶೇ 105ರಲ್ಲಿ, ಮೂರನೆಯವನು ಶೇ 82ರಲ್ಲಿ ಇದ್ದಾರೆ. ಮೂವರೂ ಬ್ಯಾಂಡಿನೊಳಗೇ ಇದ್ದಾರೆ, ಹಾಳೆಯ ಮೇಲೆ ಎಲ್ಲವೂ ಸರಿ. ಮೂರನೆಯವನ ಬಗ್ಗೆ ತಕರಾರಿಲ್ಲ, ಅವನು ಕಲಿಯುತ್ತಿದ್ದಾನೆ, ಅವನಿಗೂ ಅದು ಗೊತ್ತು. ಕಷ್ಟವಿರುವುದು ಮೊದಲ ಇಬ್ಬರ ನಡುವಿನ 3,600 ರೂಪಾಯಿಯಲ್ಲಿ. ಸಂತೆಯಲ್ಲಿ ಬೆಲೆ ಏರಿದಾಗ ಹೊಸಬನನ್ನು ಏರಿದ ಬೆಲೆಗೆ ತಂದರು. ಹಳಬ ಹಳೆಯ ಬೆಲೆಯಲ್ಲಿ ಸೇರಿ ವರ್ಷಕ್ಕೆ ಅಷ್ಟಿಷ್ಟು ಏರಿದವನು. ದ್ವೇಷದಿಂದ ಯಾರೂ ಮಾಡಿದ್ದಲ್ಲ, ಆದರೂ ಹಳಬನಿಗೆ ಅನ್ಯಾಯವೇ ಆಗಿದೆ.

ಬ್ಯಾಂಡುಗಳನ್ನು ವಿವರಿಸಲು ಹೊರಡುವ ಮೊದಲು ಇಂಥ ಜೋಡಿಗಳನ್ನು ಹುಡುಕಬೇಕು. ಪ್ರತಿ ಗ್ರೇಡಿನ ಎಲ್ಲರನ್ನೂ ನಡುಬಿಂದುವಿನ ಶೇಕಡಾವಾರಿನಲ್ಲಿ ಸಾಲಾಗಿ ಬರೆದು, ಯಾರು ಕೆಳತುದಿಗಿಂತ ಕೆಳಗಿದ್ದಾರೆ, ಯಾರು ಮೇಲ್ತುದಿ ದಾಟಿದ್ದಾರೆ, ಒಂದೇ ಕೆಲಸ ಒಂದೇ ಮಟ್ಟದಲ್ಲಿ ಮಾಡುವವರಲ್ಲಿ ಯಾರು ಕಾರಣವಿಲ್ಲದೆ ಹಿಂದೆ ಬಿದ್ದಿದ್ದಾರೆ ಎಂದು ನೋಡಬೇಕು. ಹೆಂಗಸರು ಒಟ್ಟಾಗಿ ಕೆಳಗಿನ ಸಾಲುಗಳಲ್ಲೇ ಸೇರಿದ್ದಾರೆಯೇ ಎಂದೂ ನೋಡಬೇಕು, ಒಂದೇ ಕೆಲಸಕ್ಕೆ ಲಿಂಗದ ಕಾರಣದಿಂದ ಬೇರೆ ಸಂಬಳ ಕೊಡಬಾರದೆಂಬ ಕಾನೂನು ನಮ್ಮಲ್ಲಿ 1976ರಿಂದಲೂ ಇದೆ. ಕೆಳತುದಿಗಿಂತ ಕೆಳಗಿರುವವರನ್ನು ಮೊದಲ ತಿಂಗಳೇ ಕೆಳತುದಿಗೆ ತರಬೇಕು. ಇದಕ್ಕೆ ಹಣ ಬೇಕು, ಹಣ ಮಂಜೂರಾಗುವವರೆಗೆ ಸಭೆ ಕರೆಯಬಾರದು. ಸರಿಪಡಿಸದೆ ವಿವರಿಸಿದರೆ ತಮಗಾದ ಅನ್ಯಾಯವನ್ನು ಅಳೆಯಲು ಸಿಬ್ಬಂದಿಯ ಕೈಗೆ ನಾವೇ ಅಳತೆಗೋಲು ಕೊಟ್ಟಂತಾಗುತ್ತದೆ. ಮುಂಚೆ ಅವರಿಗೆ ಒಂದು ಅನುಮಾನವಿತ್ತು, ಈಗ ಲೆಕ್ಕವೇ ಸಿಕ್ಕಿತು.

ಹಳಬ ಮತ್ತು ಹೊಸಬನ ಅಂತರವನ್ನು ಒಂದೇ ಏಟಿಗೆ ತುಂಬಲು ಎಲ್ಲ ಕಾರ್ಖಾನೆಗಳಿಗೂ ಸಾಧ್ಯವಾಗದು. ಆಗ ನಿಯಮದಿಂದಲೇ ಅದನ್ನು ಕರಗಿಸಬೇಕು. ಚೆನ್ನಾಗಿ ದುಡಿದವರಲ್ಲಿ ನಡುಬಿಂದುವಿಗಿಂತ ಕೆಳಗಿರುವವರಿಗೆ ಶೇ 9, ಮೇಲಿರುವವರಿಗೆ ಶೇ 6 ಹೆಚ್ಚಳ ಎಂದು ಇಟ್ಟುಕೊಳ್ಳಿ. ಮೊದಲ ವರ್ಷ ಹಳಬ 38,400ರಿಂದ 41,856ಕ್ಕೆ, ಹೊಸಬ 42,000ದಿಂದ 44,520ಕ್ಕೆ. ಅಂತರ 2,664ಕ್ಕೆ ಇಳಿಯಿತು. ಎರಡನೇ ವರ್ಷ ಬ್ಯಾಂಡನ್ನೇ ಶೇ 5 ಮೇಲೆ ಸರಿಸುತ್ತಾರೆ, ನಡುಬಿಂದು 42,000. ಹಳಬ ಇನ್ನೂ ಅದರ ಕೆಳಗೇ ಇರುವುದರಿಂದ ಮತ್ತೆ ಶೇ 9 ಸಿಕ್ಕಿ 45,623, ಹೊಸಬನಿಗೆ ಶೇ 6 ಸಿಕ್ಕಿ 47,191. ಅಂತರ 1,568. ಎರಡು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕರಗಿತು. ಬ್ಯಾಂಡನ್ನು ವರ್ಷವರ್ಷ ಸರಿಸದೆ ಮರೆತರೆ ಈ ಯಂತ್ರ ನಿಂತುಹೋಗುತ್ತದೆ ಎಂಬುದನ್ನೂ ಹೇಳಬೇಕು. ನಡುಬಿಂದು 40,000ದಲ್ಲೇ ಉಳಿದಿದ್ದರೆ ಎರಡನೇ ವರ್ಷ ಇಬ್ಬರೂ ಅದರ ಮೇಲಿರುತ್ತಿದ್ದರು, ಇಬ್ಬರಿಗೂ ಶೇ 6 ಸಿಕ್ಕಿ ಅಂತರ ಮತ್ತೆ ಬೆಳೆಯುತ್ತಿತ್ತು.

ಈ ನಿಯಮವನ್ನು ಸಭೆಯಲ್ಲಿ ಎಲ್ಲರೆದುರು ಹೇಳಬಹುದು, ಒಬ್ಬರ ಸಂಬಳವೂ ಹೊರಬರುವುದಿಲ್ಲ. ಸಭೆಯಲ್ಲಿ ಹೇಳಬೇಕಾದದ್ದು ಇನ್ನೊಂದಿದೆ: ಗ್ರೇಡು ಕುರ್ಚಿಯದ್ದು, ಕೂತವನದ್ದಲ್ಲ. ವಿದ್ಯುತ್ ನಿರ್ವಹಣೆಯ ಮೇಲ್ವಿಚಾರಕ, ಸ್ಟೋರಿನ ಮೇಲ್ವಿಚಾರಕ ಇಬ್ಬರೂ ಮೂರನೇ ಗ್ರೇಡು ಎಂದರೆ ವಿದ್ಯುತ್ತಿನವನು ಒಪ್ಪುವುದಿಲ್ಲ, ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡುವವನು ನಾನು ಎನ್ನುತ್ತಾನೆ. ಅವನ ಮಾತು ನಿಜ. ಹುದ್ದೆಗಳನ್ನು ತೂಗುವಾಗ ಬೇಕಾದ ವಿದ್ಯೆ, ಕೈಕೆಳಗಿನ ಜನ, ತಪ್ಪಿದರೆ ಆಗುವ ನಷ್ಟ, ಅಪಾಯ ಎಂದು ಬೇರೆಬೇರೆಯಾಗಿ ಅಂಕ ಕೊಟ್ಟಿರುತ್ತಾರೆ. ಅಪಾಯದಲ್ಲಿ ಅವನಿಗೆ ಹೆಚ್ಚು ಬಂದಿದೆ. ವರ್ಷಕ್ಕೆ ಕೋಟಿಗಳ ಸರಕಿನ ಲೆಕ್ಕಕ್ಕೆ ಒಬ್ಬನೇ ಸಹಿ ಹಾಕುವ ಸ್ಟೋರಿನವನಿಗೆ ಇನ್ನೊಂದು ಕಡೆ ಹೆಚ್ಚು ಬಂದಿದೆ. ಕೂಡಿದರೆ ಇಬ್ಬರೂ ಹತ್ತಿರ ಹತ್ತಿರ. ಈ ಹಾಳೆಯನ್ನು ತೋರಿಸಲು ಹೆದರುವ ಕಚೇರಿಗಳಿವೆ. ತೋರಿಸಲು ಹೆದರಿಕೆಯಾಗುವ ಹಾಳೆ ಸರಿಯಾಗಿ ಮಾಡಿದ ಹಾಳೆಯಲ್ಲ ಎಂದೇ ನನ್ನ ಅಭಿಪ್ರಾಯ.

ಗ್ರೇಡು ಗ್ರೇಡುಗಳ ನಡುವಿನ ವ್ಯತ್ಯಾಸ ಜನರನ್ನು ಅಷ್ಟಾಗಿ ನೋಯಿಸುವುದಿಲ್ಲ. ಜೋಯಿ ಕಲನ್ ಮತ್ತು ರಿಕಾರ್ಡೊ ಪೆರೆಸ್-ಟ್ರುಗ್ಲಿಯಾ ಎಂಬ ಅರ್ಥಶಾಸ್ತ್ರಜ್ಞರು ಆಗ್ನೇಯ ಏಷ್ಯಾದ ಒಂದು ದೊಡ್ಡ ಬ್ಯಾಂಕಿನ ನೌಕರರನ್ನು ಅಧ್ಯಯನ ಮಾಡಿ 2022ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದು ಸ್ಪಷ್ಟವಾಗಿದೆ. ಮೇಲಧಿಕಾರಿಗೆ ತಾವು ಎಣಿಸಿದ್ದಕ್ಕಿಂತ ಹೆಚ್ಚು ಸಂಬಳವಿದೆ ಎಂದು ತಿಳಿದವರು ಇನ್ನಷ್ಟು ಶ್ರಮಪಟ್ಟು ದುಡಿದರು. ತಮ್ಮ ಸಮಾನರಿಗೆ ಹೆಚ್ಚಿದೆ ಎಂದು ತಿಳಿದವರು ಕೈ ಸಡಿಲ ಮಾಡಿದರು. ವಿವರಣೆಯ ಸಮಯವನ್ನೆಲ್ಲ ಆರು ಗ್ರೇಡುಗಳ ಚಿತ್ರ ಬಿಡಿಸುವುದರಲ್ಲೇ ಕಳೆಯುವ ಅಧಿಕಾರಿಗಳು ನೋವಿಲ್ಲದ ಕಡೆ ಮುಲಾಮು ಹಚ್ಚುತ್ತಿರುತ್ತಾರೆ. ನೋವಿರುವುದು ಒಂದೇ ಗ್ರೇಡಿನ ಒಳಗೆ.

ಅದಕ್ಕೆ ಮದ್ದಿನ ಸುಳಿವು ನಮ್ಮದೇ ಒಡಿಶಾದಿಂದ ಸಿಕ್ಕಿದೆ. ಎಮಿಲಿ ಬ್ರೆಜಾ, ಸುಪ್ರೀತ್ ಕೌರ್, ಯೋಗಿತಾ ಶಮ್ದಾಸಾನಿ 378 ಕಾರ್ಮಿಕರನ್ನು ಸಣ್ಣ ತಂಡಗಳಾಗಿ ಮಾಡಿ ತಿಂಗಳ ಕಾಲ ಕೆಲಸ ಕೊಟ್ಟು ನೋಡಿದರು, ಪ್ರಬಂಧ 2018ರಲ್ಲಿ ಬಂತು. ಕೆಲವು ತಂಡಗಳಲ್ಲಿ ಎಲ್ಲರಿಗೂ ಒಂದೇ ಕೂಲಿ, ಕೆಲವುಗಳಲ್ಲಿ ಕೆಲಸದ ಸಾಮರ್ಥ್ಯಕ್ಕೆ ತಕ್ಕಂತೆ ಬೇರೆಬೇರೆ. ಬೇರೆಬೇರೆ ಕೂಲಿಯ ತಂಡಗಳಲ್ಲಿ ಕಡಿಮೆ ಸಿಕ್ಕವರ ಉತ್ಪಾದನೆ ಇಳಿಯಿತು, ಕೂಲಿ ಹೋದರೂ ಹೋಗಲಿ ಎಂದು ಕೆಲಸಕ್ಕೇ ಬಾರದ ದಿನಗಳು ಹೆಚ್ಚಿದವು. ಆದರೆ ಯಾರು ಎಷ್ಟು ಮಾಡಿದರು ಎಂಬುದು ಎಲ್ಲರ ಕಣ್ಣಿಗೆ ಸುಲಭವಾಗಿ ಕಾಣುವಂಥ ಕೆಲಸಗಳಲ್ಲಿ ಈ ಕೆಡುಕು ಕಾಣಿಸಿಕೊಳ್ಳಲಿಲ್ಲ. ಜನ ವ್ಯತ್ಯಾಸವನ್ನು ಸಹಿಸುತ್ತಾರೆ, ಕಾರಣ ಕಾಣದ ವ್ಯತ್ಯಾಸವನ್ನು ಸಹಿಸುವುದಿಲ್ಲ. ಶಿಫ್ಟ್ ಮೇಲ್ವಿಚಾರಕನ ಕೆಲಸ ಎಣಿಸಲು ಬರುವಂಥದ್ದಲ್ಲ, ಆದ್ದರಿಂದ ಅಲ್ಲಿ ಕಾರಣವನ್ನು ಬಾಯಿಬಿಟ್ಟು ಹೇಳಲೇಬೇಕು.

ಆ ಮಾತನ್ನು ಸಭೆಯಲ್ಲಿ ಆಡಲಾಗದು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಆಡಬೇಕು. ನಮ್ಮ ಬೀದರಿನ ಹಳಬ ಕೂತ ಎನ್ನಿ. ಅವನು ಸುತ್ತಿಬಳಸುವುದಿಲ್ಲ.

"ಸಾಹೇಬ್ರ, ನಾ ಇಲ್ಲಿ ಬಂದು ಹನ್ನೊಂದ ವರ್ಷ ಆತು. ನಿನ್ನೆ ಬಂದಾಂವಗ ನನಕಿಂತ ಜಾಸ್ತಿ ಅದ ಅಂತಾರ. ಹೌದಾ?"

ಈ ಪ್ರಶ್ನೆಗೆ ಸುಳ್ಳು ಹೇಳಿದರೆ ಚಹಾದಂಗಡಿಯಲ್ಲಿ ಸಂಜೆಯೊಳಗೆ ಬಯಲಾಗುತ್ತದೆ. ನಿಜ ಹೇಳಿದರೆ ಇನ್ನೊಬ್ಬನ ಖಾಸಗಿತನ ಹೋಗುತ್ತದೆ. ಮೂರನೆಯ ದಾರಿ ಹೀಗೆ: "ಅವರ ಪಗಾರ ನಿಮಗೆ ಹೇಳೋದಿಲ್ಲ, ನಿಮ್ಮದು ಅವರಿಗೆ ಹೇಳಿಲ್ಲ, ಹೇಳೋದೂ ಇಲ್ಲ. ನಿಮ್ಮದನ್ನ ಪೂರ್ತಿ ಹೇಳ್ತೀನಿ. ನಿಮ್ಮ ಗ್ರೇಡಿನ ನಡುಬಿಂದು ನಲವತ್ತು ಸಾವಿರ. ನೀವು ಅದರ ಶೇಕಡಾ ತೊಂಬತ್ತಾರರಲ್ಲಿ ಇದ್ದೀರಿ. ನಿಮ್ಮ ಕೆಲಸ ನೋಡಿದರೆ ನೀವು ನಡುಬಿಂದುವಿನ ಮೇಲೇ ಇರಬೇಕಿತ್ತು. ಹೊರಗಿನ ಪೇಟೆಯ ದರ ಏರಿದಷ್ಟು ನಿಮ್ಮ ಪಗಾರ ಏರಲಿಲ್ಲ. ಅದು ನಿಮ್ಮ ತಪ್ಪಲ್ಲ, ನಾವು ಗಮನಿಸಬೇಕಿತ್ತು. ಈ ಏಪ್ರಿಲ್ಲಿಗೆ ಇಷ್ಟಾಗುತ್ತೆ, ಮುಂದಿನ ಏಪ್ರಿಲ್ಲಿಗೆ ಬ್ಯಾಂಡು ಸರಿದ ಮೇಲೆ ಇಷ್ಟಾಗುತ್ತೆ."

ಈ ಮಾತಿನಲ್ಲಿ ಹಳಬನಿಗೆ ಹೊಸಬನ ಅಂಕಿ ಸಿಗಲಿಲ್ಲ. ಸಿಕ್ಕದ್ದು ಅವನ ಅನುಮಾನಕ್ಕೆ ಉತ್ತರ: ಹೌದು, ನೀನು ಹಿಂದೆ ಬಿದ್ದಿದ್ದೀಯ, ಇಂಥ ಕಾರಣಕ್ಕೆ, ಇಂತಿಷ್ಟು ದಿನದಲ್ಲಿ ಹೀಗೆ ಸರಿಹೋಗುತ್ತದೆ. ಅವನು ಖುಷಿಯಿಂದ ಎದ್ದು ಹೋಗುತ್ತಾನೆ ಎಂದು ನಾನು ಹೇಳುವುದಿಲ್ಲ. ಎರಡು ವರ್ಷ ಕಾಯುವುದು ಅವನಿಗೆ ಕಹಿಯೇ. ಆದರೆ ಅವನ ಕೈಯಲ್ಲಿ ಈಗ ತಾರೀಖು ಇದೆ, ಅಂಕಿ ಇದೆ, ಏಪ್ರಿಲ್ಲಿನಲ್ಲಿ ಚೀಟಿ ತೆಗೆದು ಹೋಲಿಸಿ ನೋಡಬಹುದು. ಈ ಮಾತುಕತೆ ಕೆಡುವುದು ಮೇಲಧಿಕಾರಿ ಅಂಕಿಗಳ ಬದಲು ನೆಪಗಳನ್ನು ಕೊಟ್ಟಾಗ. ನಾನು ನಿಮಗೆ ಕೊಡಿಸಬೇಕೆಂದೇ ಇದ್ದೆ, ಎಚ್‌ಆರ್‌ನವರು ಬಿಡಲಿಲ್ಲ ಎಂಬ ಒಂದು ಮಾತು ಸಾಕು. ಅದನ್ನು ಕೇಳಿದವನಿಗೆ ನಿಯಮವೆಂಬುದು ಇಲ್ಲ, ಯಾರದೋ ಕೈ ತಡೆದಿದೆ ಎಂದು ಖಾತ್ರಿಯಾಗುತ್ತದೆ. ಅದಕ್ಕಾಗಿ ವಿಭಾಗದ ಮುಖ್ಯಸ್ಥರಿಗೆ ಸಿಬ್ಬಂದಿಗಿಂತ ಎರಡು ವಾರ ಮೊದಲೇ ಈ ಲೆಕ್ಕ ಹೇಳಿಕೊಟ್ಟು, ಕಷ್ಟದ ಪ್ರಶ್ನೆಗಳನ್ನು ಕೇಳಿ ಅವರಿಂದ ಉತ್ತರ ಹೇಳಿಸಿ ನೋಡಬೇಕು.

ಗುಟ್ಟು ಬಾಯಿಯಿಂದ ಮಾತ್ರ ಹೊರಬೀಳುವುದಿಲ್ಲ, ಲೆಕ್ಕದಿಂದಲೂ ಬೀಳುತ್ತದೆ. ಪಾರದರ್ಶಕತೆಯ ಉತ್ಸಾಹದಲ್ಲಿ ಒಂದು ಕಚೇರಿ ಪ್ರತಿ ಗ್ರೇಡಿನ ಸರಾಸರಿ ಸಂಬಳವನ್ನು ಪ್ರಕಟಿಸಿತು ಎನ್ನಿ. ಕಳೆದ ತ್ರೈಮಾಸಿಕದಲ್ಲಿ ನಾಲ್ಕನೇ ಗ್ರೇಡಿನ ನಾಲ್ವರ ಸರಾಸರಿ 41,000. ಈ ಸಲ ಒಬ್ಬ ಸೇರಿ ಐವರಾದರು, ಸರಾಸರಿ 42,000. ನಾಲ್ಕು ನಲವತ್ತೊಂದು 1,64,000, ಐದು ನಲವತ್ತೆರಡು 2,10,000. ಹೊಸಬನ ಸಂಬಳ 46,000. ಏಳನೇ ತರಗತಿಯ ಹುಡುಗನೂ ಬಿಡಿಸುವ ಲೆಕ್ಕ. ಆದ್ದರಿಂದ ಸರಾಸರಿಗಳನ್ನು ಸಣ್ಣ ಗುಂಪುಗಳಿಗೆ ಹೇಳಲೇಬಾರದು, ಜನ ಬಂದು ಹೋದಾಗಲೆಲ್ಲ ಹೊಸದಾಗಿ ಹೇಳಬಾರದು. ಗ್ರೇಡಿನಲ್ಲಿ ಒಬ್ಬನೇ ಇದ್ದರೆ ಬ್ಯಾಂಡೇ ಅವನ ಗುಟ್ಟನ್ನು ಅರ್ಧ ಬಿಟ್ಟುಕೊಡುತ್ತದೆ. ಅಂಥ ಗ್ರೇಡನ್ನು ಪಕ್ಕದ ಗ್ರೇಡಿನ ಜೊತೆ ಸೇರಿಸಿ ತೋರಿಸುವುದು, ಇಲ್ಲವೇ ಅವನಿಗೆ ಮಾತ್ರ ಪತ್ರದಲ್ಲಿ ತಿಳಿಸುವುದು ವಾಸಿ. ಎಲ್ಲ ಗ್ರೇಡಿನ ಎಲ್ಲ ಬ್ಯಾಂಡುಗಳನ್ನೂ ಎಲ್ಲರಿಗೂ ಹೇಳಬೇಕೆಂದಿಲ್ಲ. ತನ್ನದು ಮತ್ತು ಬಡ್ತಿ ಸಿಕ್ಕರೆ ಹೋಗುವ ಮೇಲಿನದು, ಈ ಎರಡು ಗೊತ್ತಿದ್ದರೆ ಒಬ್ಬ ನೌಕರನ ಕೆಲಸದ ಪ್ರಶ್ನೆಗಳು ಬಹುಪಾಲು ತೀರುತ್ತವೆ.

ಸಂಬಳದ ಬಗ್ಗೆ ಮಾತಾಡಿದವರಿಗೆ ಮೆಮೊ ಕೊಡುವುದನ್ನಂತೂ ಬಿಡಬೇಕು. ತನ್ನ ಸಂಬಳವನ್ನು ತಾನೇ ಗೆಳೆಯನಿಗೆ ಹೇಳುವುದು ಅವನ ಇಷ್ಟ. ಕಚೇರಿ ಹೇಳದಿರುವುದು ಬೇರೆ, ಜನರ ಬಾಯಿ ಹೊಲಿಯುವುದು ಬೇರೆ.

ಎಲ್ಲಕ್ಕಿಂತ ಕಷ್ಟದ ಮಾತುಕತೆ ಕಡಿಮೆ ಸಿಕ್ಕವನ ಜೊತೆಯದ್ದಲ್ಲ, ಮೇಲ್ತುದಿ ದಾಟಿದವನ ಜೊತೆಯದ್ದು. ಅದೇ ಮೂರನೇ ಗ್ರೇಡಿನಲ್ಲಿ ಇಪ್ಪತ್ತೆರಡು ವರ್ಷ ದುಡಿದ ಒಬ್ಬರಿದ್ದಾರೆ, ಸಂಬಳ 49,800, ಬ್ಯಾಂಡಿನ ಮೇಲ್ತುದಿ 48,000. ಕಾರ್ಖಾನೆಯನ್ನು ಮೊದಲ ದಿನಗಳಿಂದ ಕಂಡವರು, ಕಿರಿಯರೆಲ್ಲ ಅವರನ್ನು ಭಾವು ಎಂದು ಕರೆಯುತ್ತಾರೆ, ನಾಗಪುರದ ಕಡೆ ಅಣ್ಣ ಎನ್ನುವ ಹಾಗೆ. ಈ ವರ್ಷ ಅವರ ತಿಂಗಳ ಸಂಬಳ ಏರುವುದಿಲ್ಲ. ಸಂಬಳ ಕಡಿಮೆ ಮಾಡುವ ಮಾತೂ ಇಲ್ಲ. ಏರಿಕೆಯ ಬದಲು ವರ್ಷದ ಸಂಬಳದ ಶೇ 6ರಷ್ಟು, 35,856 ರೂಪಾಯಿ, ಒಂದೇ ಸಲಕ್ಕೆ ಕೊಡುತ್ತಾರೆ. ಮುಂದಿನ ವರ್ಷ ಬ್ಯಾಂಡು ಶೇ 5 ಸರಿದಾಗ ಮೇಲ್ತುದಿ 50,400 ಆಗುತ್ತದೆ, ಆಗ ಅವರು ಮತ್ತೆ ಒಳಗೆ ಬರುತ್ತಾರೆ, 600 ರೂಪಾಯಿ ಏರಲು ಜಾಗ ಸಿಗುತ್ತದೆ. ಅದಕ್ಕಿಂತ ಹೆಚ್ಚು ಏರಬೇಕಾದರೆ ನಾಲ್ಕನೇ ಗ್ರೇಡಿನ ಕೆಲಸವನ್ನೇ ಹಿಡಿಯಬೇಕು.

ಇದನ್ನು ಕೇಳಿದ ಹಿರಿಯರು ಮೊದಲು ಸುಮ್ಮನಾಗುತ್ತಾರೆ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತಾರೆ: ಈ ಒಂದೇ ಸಲದ ಹಣ ಗ್ರಾಚುಟಿಯಲ್ಲಿ ಎಣಿಕೆಗೆ ಬರುತ್ತದೆಯೇ?

ಬರುವುದಿಲ್ಲ. ಗ್ರಾಚುಟಿಯನ್ನು ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ, ವರ್ಷಕ್ಕೆ ಹದಿನೈದು ದಿನದಂತೆ, ತಿಂಗಳಿಗೆ ಇಪ್ಪತ್ತಾರು ದಿನವೆಂದು ಹಿಡಿದು ಎಣಿಸುತ್ತಾರೆ. ಶೇ 6 ಏರಿಕೆ ತಿಂಗಳ ಸಂಬಳದಲ್ಲೇ ಸೇರಿದ್ದರೆ 2,988 ಹೆಚ್ಚುತ್ತಿತ್ತು, ಅರ್ಧ ಮೂಲ ವೇತನ ಎಂದರೆ 1,494. ಇಪ್ಪತ್ತೆರಡು ವರ್ಷಕ್ಕೆ ಅದರ ಮೇಲಿನ ಗ್ರಾಚುಟಿ 18,962 ರೂಪಾಯಿ. ಈ ವರ್ಷವೇ ನಿವೃತ್ತರಾದರೆ ಇಷ್ಟು ಅವರಿಗೆ ತಪ್ಪುತ್ತದೆ. ಇದನ್ನು ಅವರೆದುರೇ ಹಾಳೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಆ ಹಾಳೆಯನ್ನು ಅವರ ಕೈಗೇ ಕೊಡಬೇಕು. ಮನೆಗೆ ಹೋಗಿ ಮಗನಿಗೆ ತೋರಿಸುತ್ತಾರೆ, ಮಗ ಲೆಕ್ಕ ಮಾಡಿ ನೋಡುತ್ತಾನೆ, ಅದೇ ಮೊತ್ತ ಬರುತ್ತದೆ.